ಹಿನ್ನೆಲೆ ಶೈಲೀಕರಣ, ಮಾಸ್ಕ್ ಮೂಲಕ

ಭಾವಚಿತ್ರದಲ್ಲಿ ವ್ಯಕ್ತಿಯನ್ನು ಛಾಯಾಚಿತ್ರವಾಗಿಯೇ ಉಳಿಸಿ, ಸುತ್ತಲಿನ ಭಾಗವನ್ನಷ್ಟೇ ಜಲವರ್ಣ, ತೈಲವರ್ಣ ಮುಂತಾದ ಶೈಲಿಗೆ ತಿರುಗಿಸುವ ವಿಧಾನ. ಸ್ಟೇಬಲ್ ಡಿಫ್ಯೂಷನ್ ಬಳಸುವಾಗ ಮಾಸ್ಕ್‌ನ ಬಿಳಿ ಭಾಗ ಬದಲಾಗುತ್ತದೆ, ಕಪ್ಪು ಭಾಗ ಉಳಿಯುತ್ತದೆ.

ಆದರೆ ಕಪ್ಪು ಬಳಿದ ಮಾತ್ರಕ್ಕೆ ಮುಖ ಸುರಕ್ಷಿತವಲ್ಲ. ಈ ಮಾದರಿ ಕೆಲಸ ಮಾಡುವುದು ಕುಗ್ಗಿಸಿದ ಸಂಕೇತರೂಪದ ಮೇಲೆ. 512×768 ಪಿಕ್ಸೆಲ್‌ಗಳ ಚಿತ್ರ ಅಲ್ಲಿ 64×96 ಕೋಶಗಳಾಗುತ್ತದೆ. ಮುಟ್ಟದ ಮುಖವೂ ಆ ರೂಪಕ್ಕೆ ಹೋಗಿ ಮರಳುವಷ್ಟರಲ್ಲಿ ರೆಪ್ಪೆಗೂದಲು ಕಲಸಿಹೋಗಿ, ಚರ್ಮದ ಸೂಕ್ಷ್ಮ ಗೆರೆಗಳು ನಯವಾಗಿಬಿಡುತ್ತವೆ. ಹಾಗಾಗಿ ComfyUI ತಂತ್ರಾಂಶದಲ್ಲಿ `Set Latent Noise Mask` ಒಂದೇ ಸಾಲದು. `VAE Decode` ಮುಗಿದ ಮೇಲೆ `ImageCompositeMasked` ಮೂಲಕ ಮೂಲ ಫೋಟೋದ ಮುಖವನ್ನೇ ಮತ್ತೆ ಕೂರಿಸಬೇಕು. ಈ ಹೆಜ್ಜೆಯೇ ವಿಧಾನದ ಜೀವಾಳ.

ನಿಜವಾದ ಕಷ್ಟವಿರುವುದು ಕೂದಲಿನ ಅಂಚಿನಲ್ಲಿ. ಮಾಸ್ಕ್ ತೀರಾ ಚೂಪಾಗಿದ್ದರೆ ತಲೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಅದರ ಅಂಚು ತಲೆಯಿಂದ ದೂರ ಸರಿದರೆ ಮೂಲ ಹಿನ್ನೆಲೆಯ ಬಣ್ಣ ಸುತ್ತಲೂ ಪಟ್ಟಿಯಾಗಿ ಉಳಿಯುತ್ತದೆ. ಅಂಚನ್ನು ಕೆಲವೇ ಪಿಕ್ಸೆಲ್‌ಗಳಷ್ಟು ಮಸುಕಾಗಿಸಿ, ಹಾರುವ ಕೂದಲನ್ನು ಬಿಳಿ ಭಾಗಕ್ಕೆ ಬಿಡುವುದು ಮೇಲು.

`denoise` ಮೌಲ್ಯ 0.5ರ ಆಸುಪಾಸಿನಲ್ಲಿದ್ದರೆ ಬಾಗಿಲು, ಕಿಟಕಿ ಬಹುಮಟ್ಟಿಗೆ ಇದ್ದಲ್ಲೇ ಇದ್ದು ಕುಂಚದ ಗುರುತು ಪಡೆಯುತ್ತವೆ. 1ರತ್ತ ಸರಿದಂತೆ ದೃಶ್ಯವೇ ಹೊಸದಾಗುತ್ತದೆ. ಕೆನ್ನೆಯ ಮೇಲೆ ಎಡದ ಬೆಳಕು, ಹಿಂದೆ ಬಲಬದಿಯ ಸೂರ್ಯ ಎಂಬಂಥ ಅಸಂಗತಿ ಬರಬಹುದು. ಬೆಳಕಿನ ದಿಕ್ಕನ್ನು ಸೂಚನಾ ಪಠ್ಯದಲ್ಲಿ ಬರೆಯುವುದು ಒಳ್ಳೆಯದು. ಅದರಲ್ಲಿ ವ್ಯಕ್ತಿಯ ವರ್ಣನೆ ಬೇಡ, ಬರೆದರೆ ಹಿನ್ನೆಲೆಯಲ್ಲಿ ಇನ್ನೊಂದು ಮುಖ ಮೂಡುವ ಸಾಧ್ಯತೆ ಹೆಚ್ಚು.