ಸ್ಕ್ಯಾನಿಂಗ್

ಲ್ಯಾಟಿನ್‌ನ ‘ಸ್ಕಾಂಡೆರೆ’ ಎಂದರೆ ಹತ್ತುವುದು. ಇಂಗ್ಲಿಷಿನಲ್ಲಿ ‘ಸ್ಕ್ಯಾನ್’ ಮೊದಲು ಬಳಕೆಯಾದದ್ದು ಪದ್ಯಕ್ಕೆ ಪ್ರಸ್ತಾರ ಹಾಕುವ ಅರ್ಥದಲ್ಲಿ. ಸಾಲು ಹಿಡಿದು ಹೋಗುವ ಆ ಗುಣ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೂ ಉಳಿದಿದೆ.

ಇದರಲ್ಲಿ ಎಲೆಕ್ಟ್ರಾನ್‌ಗಳ ಸಣ್ಣ ಕಿರಣವೊಂದು, ಉದಾಹರಣೆಗೆ ನೊಣದ ಕಣ್ಣಿನ ಮೇಲ್ಮೈಯನ್ನು, ಸಾಲುಸಾಲಾಗಿ ಸವರುತ್ತದೆ. ಅಲ್ಲಿಂದ ಚಿಮ್ಮುವ ಎಲೆಕ್ಟ್ರಾನ್‌ಗಳನ್ನು ಡಿಟೆಕ್ಟರ್ ಹಿಡಿಯುತ್ತದೆ. ಇನ್ನೊಂದು ಬಗೆಯಾದ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಾದರೆ ಕಿರಣ ಮಾದರಿಯನ್ನು ತೂರಿಕೊಂಡೇ ಹೋಗಬೇಕು. ಅದಕ್ಕಾಗಿ ಅದೇ ಕಣ್ಣನ್ನು ರೆಸಿನ್‌ನಲ್ಲಿ ಹುದುಗಿಸಿ, ವಜ್ರದ ಅಲಗಿನಿಂದ 100 ನ್ಯಾನೊಮೀಟರಿಗಿಂತ ತೆಳುವಾಗಿ ಕೊಯ್ದು, ಸೀಸದಂಥ ಭಾರಲೋಹದ ಲವಣ ಹಿಡಿಸುತ್ತಾರೆ. ಲೋಹ ಹಿಡಿದ ಭಾಗ ಎಲೆಕ್ಟ್ರಾನ್‌ಗಳನ್ನು ಚದುರಿಸಿ ಕಪ್ಪಾಗಿ ಕಾಣುತ್ತದೆ.

ಸ್ಕ್ಯಾನಿಂಗಿಗೆ ಈ ಕೊಯ್ಯುವ ಗೋಜಿಲ್ಲ. ಒಣಗಿಸಿ ಚಿನ್ನದ ತೆಳುಲೇಪ ಕೊಟ್ಟರಾಯಿತು. ಲೇಪ ಎಲ್ಲಾದರೂ ತಪ್ಪಿದರೆ ವಿದ್ಯುದಾವೇಶ ಅಲ್ಲೇ ಶೇಖರವಾಗಿ, ಚಿತ್ರದಲ್ಲಿ ಬಿಳಿ ಪಟ್ಟೆಗಳು ಕಣ್ಣಿಗೆ ರಾಚುತ್ತವೆ.

ಹಾಗಾದರೆ ಬಣ್ಣ? ಅದು ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರಕ್ಕೆ ಸೇರಿದ್ದು. ಇಲ್ಲಿ ಚಿತ್ರ ಮೂಡಿಸುವುದು ಬೆಳಕಲ್ಲ. ಪ್ರತಿ ಬಿಂದುವಿನಿಂದ ಎಷ್ಟು ಎಲೆಕ್ಟ್ರಾನ್ ಬಂತು ಎಂಬುದಷ್ಟೇ ಡಿಟೆಕ್ಟರಿಗೆ ಗೊತ್ತು: ಹೆಚ್ಚಿದ್ದರೆ ಬಿಳಿ, ಕಡಿಮೆಯಿದ್ದರೆ ಕಪ್ಪು. ಪತ್ರಿಕೆಗಳಲ್ಲಿ ಅಚ್ಚಾಗುವ ಇಂಥ ಚಿತ್ರಗಳಲ್ಲಿ ನೊಣದ ಕಣ್ಣು ಕೆಂಪಗಿದ್ದರೆ, ಆ ಕೆಂಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಬಳಿದಿರುತ್ತಾರೆ.