ಮನೆಗೆಲಸ (ಶಾಲಾ ಶಿಕ್ಷಣ)

ತರಗತಿಯಲ್ಲಿ ಕಲಿತದ್ದನ್ನು ಶಾಲೆಯ ಹೊತ್ತು ಮುಗಿದ ಮೇಲೆ ಮಕ್ಕಳು ತಾವೇ ಮಾಡಿ ತರಲೆಂದು ಶಿಕ್ಷಕರು ಕೊಡುವ ಕೆಲಸ, ಆಡುಮಾತಿನಲ್ಲಿ ಹೋಂವರ್ಕ್. ಕಲಿತದ್ದನ್ನು ರೂಢಿ ಮಾಡಿಸುವುದು, ಮಗುವಿಗೆ ಎಲ್ಲಿ ಅರ್ಥವಾಗಿಲ್ಲವೆಂದು ಶಿಕ್ಷಕರಿಗೆ ತಿಳಿಸುವುದು ಇದರ ಉದ್ದೇಶ.

ಕರ್ನಾಟಕದಲ್ಲಿ ಶಾಲಾ ಚೀಲದ ತೂಕ ಇಳಿಸಲು 2019ರಲ್ಲಿ ಹೊರಟ ಸುತ್ತೋಲೆಯೇ 1 ಮತ್ತು 2ನೇ ತರಗತಿಗೆ ಮನೆಗೆಲಸ ಬೇಡವೆಂದಿತು. ಕೇಂದ್ರದ 2020ರ ಶಾಲಾ ಚೀಲ ನೀತಿಯ ಪ್ರಕಾರ 3ರಿಂದ 5ನೇ ತರಗತಿಗೆ ವಾರಕ್ಕೆ 2 ಗಂಟೆ, 6ರಿಂದ 8ಕ್ಕೆ ದಿನಕ್ಕೆ 1 ಗಂಟೆ, ಅದಕ್ಕೂ ಮೇಲಿನವರಿಗೆ ದಿನಕ್ಕೆ 2 ಗಂಟೆ ಗರಿಷ್ಠ ಮಿತಿ.

ಈ ಏರಿಕೆ ಸಂಶೋಧನೆಗೆ ಹೆಚ್ಚುಕಡಿಮೆ ಒಪ್ಪುತ್ತದೆ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಮನೆಗೆಲಸಕ್ಕೂ ಅಂಕಗಳಿಗೂ ಇರುವ ನಂಟು 7ನೇ ತರಗತಿಯಿಂದಾಚೆ ಸ್ಪಷ್ಟವಾಗಿ ಕಂಡಿತು. ಪ್ರಾಥಮಿಕ ಹಂತದಲ್ಲಿ ಇಲ್ಲವೆನ್ನುವಷ್ಟು ಕ್ಷೀಣವಾಗಿತ್ತು. ಚಿಕ್ಕ ಮಕ್ಕಳ ಗಮನ ಬೇಗ ಚದುರುತ್ತದೆ, ಒಬ್ಬರೇ ಕೂತು ಓದುವ ಅಭ್ಯಾಸವೂ ಅವರಿಗೆ ಇನ್ನೂ ಬಂದಿರುವುದಿಲ್ಲ. ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಲೆಕ್ಕ ಬಾರದ ಮಗುವೇ ಹೆಚ್ಚು ಹೊತ್ತು ಕೂರುವುದರಿಂದ, ಹೊತ್ತಿನ ಲೆಕ್ಕವೊಂದರಿಂದಲೇ ಮನೆಗೆಲಸದ ಫಲವನ್ನು ಅಳೆಯಲಾಗದು.

ತರಗತಿಯೊಂದಕ್ಕೆ ದಿನಕ್ಕೆ 10 ನಿಮಿಷದಂತೆ ಏರಿಸುತ್ತ ಹೋಗುವುದು ಕೂಪರ್ ಅವರ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಸೂತ್ರ. ಅದರಂತೆ 4ನೇ ತರಗತಿಗೆ ದಿನಕ್ಕೆ 40 ನಿಮಿಷ. ನಮ್ಮ ಮಿತಿಯನ್ನು ವಾರದ ಆರು ದಿನಕ್ಕೆ ಹಂಚಿದರೆ 20 ನಿಮಿಷವಷ್ಟೇ. 10ನೇ ತರಗತಿಗೆ ಬಂದರೆ ಲೆಕ್ಕ ತಿರುಗುತ್ತದೆ: ಸೂತ್ರದಲ್ಲಿ 100 ನಿಮಿಷ, ನಮ್ಮಲ್ಲಿ 120.

ಮಿತಿ ಮುರಿಯುವುದು ಹೆಚ್ಚಾಗಿ ಪ್ರೌಢಶಾಲೆಯಲ್ಲಿ. ಎಸ್‌ಎಸ್‌ಎಲ್‌ಸಿಗೆ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಸೇರಿ ಆರು ವಿಷಯ. ಒಬ್ಬೊಬ್ಬ ಶಿಕ್ಷಕರೂ 'ಅರ್ಧ ಗಂಟೆಯದು ತಾನೇ' ಎಂದು ಕೊಟ್ಟರೆ ಒಟ್ಟು 3 ಗಂಟೆ! ಅದನ್ನು ಕೂಡಿಸಿ ನೋಡುವವರು ಶಿಕ್ಷಕರ ಕೊಠಡಿಯಲ್ಲಿ ಯಾರೂ ಇರುವುದಿಲ್ಲ. ದಿನಕ್ಕೆ ಮೂರೇ ವಿಷಯವೆಂದು ಸರದಿ ಮಾಡಿಕೊಂಡರೆ ತಲಾ 40 ನಿಮಿಷ ದಕ್ಕುತ್ತದೆ.

ಹೊರೆ ಹೆಚ್ಚಾದರೆ ಮಕ್ಕಳು ಗೈಡ್ ನೋಡಿ ಬರೆಯುತ್ತಾರೆ. ಹತ್ತು ನೋಟ್‌ಬುಕ್‌ಗಳಲ್ಲಿ ಒಂದೇ ತಪ್ಪು ಒಂದೇ ಸಾಲಿನಲ್ಲಿದ್ದರೆ ಕಾರಣ ಬಹುಪಾಲು ಇದೇ. ಆಗ ಕೆಂಪು ಶಾಯಿಯ ಸಹಿ ಬಿದ್ದರೂ ಕಲಿಕೆಯ ಸುಳಿವು ಸಿಗದು. ಒಂದೇ ಬಗೆಯ ಹತ್ತು ಭಾಗಾಕಾರಕ್ಕಿಂತ, ಗುಣಿಸಬೇಕೋ ಭಾಗಿಸಬೇಕೋ ಎಂದು ಮಗುವೇ ತೀರ್ಮಾನಿಸಬೇಕಾದ ನಾಲ್ಕು ಬೆರೆಸಿದ ಲೆಕ್ಕಗಳು ಮೇಲು. ಮರುದಿನ ಅದರಲ್ಲಿ ಒಂದನ್ನು ಬೋರ್ಡಿನ ಮೇಲೆ ಮಾಡಿಸಿದರೆ ಯಾರು ಎಲ್ಲಿ ಎಡವಿದರೆಂಬುದು ಬಯಲಾಗುತ್ತದೆ.

ಶಿವಮೊಗ್ಗ, ಭದ್ರಾವತಿಯಂಥ ಊರುಗಳಲ್ಲಿ ಇನ್ನೊಂದು ತೊಡಕಿದೆ. ಭದ್ರಾವತಿಯ ಉಕ್ಕು, ಕಾಗದ ಕಾರ್ಖಾನೆಗಳು ಬೆಳೆಸಿದ ಕಾಲೊನಿಗಳಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನ ಕುಟುಂಬಗಳೂ ನೆಲೆಸಿವೆ. ಕನ್ನಡ ಪ್ರಬಂಧ ಬರೆಸಲು ಅಮ್ಮನಿಗಾಗದ ಮನೆಯಲ್ಲಿ ಆ ಕೆಲಸ ಟ್ಯೂಷನ್ನಿನ ಪಾಲಾಗುತ್ತದೆ. ಹಾಗಾಗಿ ಕೆಳಗಿನ ತರಗತಿಗಳಲ್ಲಿ ಮಗು ಯಾರ ನೆರವೂ ಇಲ್ಲದೆ ಮಾಡಬಲ್ಲಷ್ಟನ್ನೇ ಕೊಡಬೇಕು: ಒಂದು ಪುಟದ ಗಟ್ಟಿ ಓದು, ಒಂದು ಮಗ್ಗಿ.