ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ

ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿ ಕೇರಳದ ಕಡೆ ಹೊರಟರೆ ಸಿಗುವ ದೊಡ್ಡ ಜಂಕ್ಷನ್ ತೊಕ್ಕೊಟ್ಟು. ಉಳ್ಳಾಲಕ್ಕೆ ಹೋಗುವವರು, ದೇರಳಕಟ್ಟೆಗೆ, ಕೊಣಾಜೆಯ ಯೂನಿವರ್ಸಿಟಿಗೆ ಹೋಗುವವರು, ಹೆಚ್ಚಿನವರು ಈ ಜಂಕ್ಷನ್ ಮೂಲಕವೇ ಹೋಗುವುದು. 2025ರ ಕೊನೆಯಲ್ಲಿ ಕೆಲಸದ ಮೇಲೆ ಹೋದಾಗ ಅಲ್ಲಿನ ಒಂದು ತರಕಾರಿ ಅಂಗಡಿ ಮುಂದೆ ನಿಂತಿದ್ದೆ. ಅಂಗಡಿಯವರು ನನ್ನ ಮುಖ ಗುರುತು ಹಿಡಿದರು. ಹಿಡಿದವರೇ ಸುಮ್ಮನೆ ಬಿಡಲಿಲ್ಲ.

"ಎಂತ ಸಾರ್, ಬೆಲೆ ಜಾಸ್ತಿ ಆದ್ರೆ ಟೀವಿಯಲ್ಲಿ ಬೊಬ್ಬೆ ಹೊಡೀತೀರಿ. ಈಗ ಕಮ್ಮಿ ಆಗಿದೆ. ಅದಕ್ಕೂ ನಿಮ್ಮ ಎಕ್ಸ್‌ಪರ್ಟ್‌ಗಳು ತಲೆಬಿಸಿ ಮಾಡ್ಕೊಳ್ತಾರಲ್ಲ ಮಾರಾಯ್ರೆ! ಕಮ್ಮಿ ಆದ್ರೆ ಒಳ್ಳೇದಲ್ವಾ?"

ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದ ಅಮ್ಮ ನಕ್ಕರು. ನಾನೂ ನಕ್ಕೆ. ಆದರೆ ಪ್ರಶ್ನೆ ತಮಾಷೆಯದ್ದಲ್ಲ. ಆ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ. 0.25ಕ್ಕೆ ಇಳಿದಿತ್ತು. ಅಂದರೆ ವರ್ಷದ ಹಿಂದಿನ ಬೆಲೆಗೂ ಆಗಿನ ಬೆಲೆಗೂ ಒಟ್ಟಾರೆಯಾಗಿ ವ್ಯತ್ಯಾಸವೇ ಇಲ್ಲ ಅನ್ನುವಷ್ಟು. ಇನ್ನೊಂದು ಹೆಜ್ಜೆ ಕೆಳಗಿಳಿದು ಸೊನ್ನೆ ದಾಟಿದರೆ, ಇಳಿಯುತ್ತಲೇ ಹೋದರೆ, ಅದಕ್ಕೆ ಡಿಫ್ಲೇಷನ್ ಅಂತ ಹೆಸರು. ಹಣದುಬ್ಬರದ ತದ್ವಿರುದ್ಧ. ಇದಕ್ಕೆ ಅರ್ಥಶಾಸ್ತ್ರಜ್ಞರು ಯಾಕೆ ಹೆದರುತ್ತಾರೆ?

ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ತೊಕ್ಕೊಟ್ಟಿನಿಂದ ದೇರಳಕಟ್ಟೆ ಬಸ್ಸು ಹತ್ತಿದರೆ ಸಾಕು. ಅಲ್ಲಿ ಒಂದು ಡೆಂಟಲ್ ಕಾಲೇಜಿದೆ, ಎ.ಬಿ. ಶೆಟ್ಟಿ ಅವರ ಸ್ಮರಣೆಯ ಕಾಲೇಜು. ದಿನಾ ಆ ಬೋರ್ಡು ನೋಡುವ ಎಷ್ಟೋ ಜನರಿಗೆ ಆ ಹೆಸರಿನ ಹಿಂದೆ ಒಂದು ಬ್ಯಾಂಕ್ ಇದೆ, ಆ ಬ್ಯಾಂಕಿನ ಹಿಂದೆ ಬೆಲೆ ಇಳಿದ ಒಂದು ಕೆಟ್ಟ ಕಾಲ ಇದೆ ಅನ್ನೋದು ಗೊತ್ತಿರಲಿಕ್ಕಿಲ್ಲ. ಅತ್ತಾವರ ಬಾಲಕೃಷ್ಣ ಶೆಟ್ಟರು ಮತ್ತು ಕೃಷಿಕ ಕುಟುಂಬಗಳ ಇನ್ನಷ್ಟು ಮಂದಿ ಸೇರಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಸ್ಥಾಪಿಸಿದ್ದು 1931ರ ಅಕ್ಟೋಬರ್ 23ರಂದು. ಆ ತಾರೀಕನ್ನು ನೆನಪಿಟ್ಟುಕೊಳ್ಳಿ.

ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. 1929ರಲ್ಲಿ ಅಮೆರಿಕದಲ್ಲಿ ಷೇರುಪೇಟೆ ಕುಸಿಯಿತು. ಪ್ರಪಂಚದ ತುಂಬ ಸಾಲ ಕೊಡುವವರು ಕೈ ಬಿಗಿಹಿಡಿದರು, ಕೊಳ್ಳುವವರು ಕಡಿಮೆಯಾದರು. ಬರ್ಮಾದ ಅಕ್ಕಿ ಸಿಕ್ಕಿದ ಬೆಲೆಗೆ ನಮ್ಮ ಬಂದರುಗಳಿಗೆ ಬಂದು ಬೀಳತೊಡಗಿತು. ಇದರ ಜೊತೆಗೆ ಸರ್ಕಾರದ ಒಂದು ಹಟ. ಒಂದು ರೂಪಾಯಿಗೆ ಬ್ರಿಟನ್ನಿನ 18 ಪೆನ್ಸ್ ಅಂತ 1927ರಲ್ಲಿ ದರ ಕಟ್ಟಿಹಾಕಿದ್ದರು. ಆ ದರ ಉಳಿಸಲು ದೇಶದೊಳಗೆ ಓಡಾಡುವ ನೋಟು, ನಾಣ್ಯವನ್ನೇ ಕಡಿಮೆ ಮಾಡಿದರು. ಹಣ ಕಡಿಮೆಯಾದ ಕಡೆ ಬೆಲೆ ಇನ್ನೂ ಇಳಿಯದೆ ಏನಾಗುತ್ತೆ?

ಕಲ್ಕತ್ತಾದ ಸಗಟು ಬೆಲೆ ಸೂಚ್ಯಂಕ ಅಂತ ಒಂದಿತ್ತು. 1914ರ ಬೆಲೆಯನ್ನು 100 ಅಂತ ಹಿಡಿದು ಹಾಕಿದ ಲೆಕ್ಕ ಅದು. 1929ರಲ್ಲಿ 141 ಇದ್ದದ್ದು 1933ಕ್ಕೆ 87 ಆಯಿತು. ಇದು ಎಲ್ಲ ಸಾಮಾನೂ ಸೇರಿದ ಸರಾಸರಿ. ರೈತ ಬೆಳೆದದ್ದರ ಬೆಲೆ ಇದಕ್ಕಿಂತ ಹೆಚ್ಚು ಬಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಭತ್ತದ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಬಂತು.

ಸರಿ, ಅರ್ಧ ಆಯಿತು. ರೈತ ಮಾರುವ ಅಕ್ಕಿಯೂ ಅರ್ಧ, ಕೊಳ್ಳುವ ಬಟ್ಟೆಯೂ ಅರ್ಧ ಆದರೆ ತೊಂದರೆ ಏನು? ಲೆಕ್ಕ ಸರಿಹೋಯಿತಲ್ಲ ಅಂತ ನಿಮಗನ್ನಿಸಬಹುದು. ಇಲ್ಲೇ ಇರೋದು ನೋಡಿ ಗುಟ್ಟು. ಒಂದು ಮನೆಯ ಲೆಕ್ಕ ಹಾಕೋಣ. ಅಂಕಿಗಳು ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡದ್ದು.

ಉಳ್ಳಾಲದ ಕಡೆಯ ಒಬ್ಬ ಗದ್ದೆಯ ಯಜಮಾನ. ಮನೆ ಖರ್ಚಿಗೆ ಇಟ್ಟುಕೊಂಡು 30 ಮುಡಿ ಅಕ್ಕಿ ಮಾರುತ್ತಾರೆ ಅಂತಿಟ್ಟುಕೊಳ್ಳಿ. ಮುಡಿ ಅಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟುವ ನಮ್ಮ ಕರಾವಳಿಯ ಅಕ್ಕಿ ಮುಡಿ. ಮುಡಿಗೆ 6 ರೂಪಾಯಿ. ಮಗಳ ಮದುವೆಗೆ ಅಂತ 300 ರೂಪಾಯಿ ಸಾಲ ಮಾಡಿದ್ದಾರೆ, ಬಡ್ಡಿ ನೂರಕ್ಕೆ 12. ವರ್ಷಕ್ಕೆ 36 ರೂಪಾಯಿ ಬಡ್ಡಿ, ಅಂದರೆ 6 ಮುಡಿ ಅಕ್ಕಿ. ಸರ್ಕಾರಕ್ಕೆ ತೀರ್ವೆ 24 ರೂಪಾಯಿ, ಅಂದರೆ 4 ಮುಡಿ. ಎರಡಕ್ಕೂ ಸೇರಿ 10 ಮುಡಿ ಹೋಯಿತು. ಉಳಿದ 20 ಮುಡಿಯಿಂದ 120 ರೂಪಾಯಿ ಕೈಗೆ ಬಂತು. ಬಟ್ಟೆ, ಉಪ್ಪು, ಚಿಮಿಣಿ ಎಣ್ಣೆ, ಕೂಲಿ ಎಲ್ಲ ಅದರಲ್ಲೇ.

ಈಗ ಮುಡಿಗೆ 3 ರೂಪಾಯಿ ಆಯಿತು. ಬಡ್ಡಿ ಎಷ್ಟು? ಅದೇ 36. ತೀರ್ವೆ ಎಷ್ಟು? ಅದೇ 24. ಆದರೆ ಇವೆರಡಕ್ಕೆ ಈಗ 10 ಮುಡಿ ಸಾಲದು, 20 ಮುಡಿ ಬೇಕು. ಉಳಿದದ್ದು ಬರೀ 10 ಮುಡಿ. ಅದನ್ನು ಮಾರಿದರೆ 30 ರೂಪಾಯಿ. ಬೆಲೆ ಅರ್ಧ ಆಯಿತು, ಯಜಮಾನರ ಕೈಯಲ್ಲಿ ಉಳಿದ ದುಡ್ಡು ನಾಲ್ಕನೇ ಒಂದು ಭಾಗ ಆಯಿತು. ಅಂಗಡಿಯಲ್ಲಿ ಪ್ರತಿಯೊಂದು ಸಾಮಾನೂ ಅರ್ಧ ಬೆಲೆಗೆ ಸಿಕ್ಕರೂ ಮೊದಲು ಕೊಳ್ಳುತ್ತಿದ್ದುದರಲ್ಲಿ ಅರ್ಧ ಮಾತ್ರ ಕೊಳ್ಳಬಹುದು. ಇನ್ನು ಅಸಲು ನೋಡಿ. ಸಾಲ ತೆಗೆದಾಗ ಅದು 50 ಮುಡಿಯ ಸಾಲ. ಈಗ 100 ಮುಡಿಯ ಸಾಲ. ಒಂದು ಪೈಸೆ ಹೊಸ ಸಾಲ ಮಾಡಿಲ್ಲ. ಆದರೂ ಸಾಲ ದುಪ್ಪಟ್ಟಾಗಿದೆ!

ಡಿಫ್ಲೇಷನ್‌ನ ವಿಷ ಇರೋದು ಇಲ್ಲಿ. ಸಂತೆಯಲ್ಲಿ ಎಲ್ಲದರ ಬೆಲೆ ಇಳಿಯುತ್ತೆ, ಕಾಗದದ ಮೇಲೆ ಬರೆದ ಸಾಲದ ಮೊತ್ತ ಇಳಿಯಲ್ಲ.

ಇಷ್ಟಕ್ಕೇ ನಿಂತಿದ್ದರೆ ಒಬ್ಬರ ಮನೆಯ ಕಷ್ಟ ಅನ್ನಬಹುದಿತ್ತು. ಆದರೆ ಯಜಮಾನರು ಬಟ್ಟೆ ಕೊಳ್ಳುವುದು ನಿಲ್ಲಿಸಿದರೆ ನೇಕಾರನ ಮಗ್ಗ ನಿಲ್ಲುತ್ತೆ. ಮನೆಗೆ ಹೊಸ ಮಾಡು ಹಾಕಿಸುವುದನ್ನು ಮುಂದೂಡಿದರೆ ಹಂಚಿನ ಕಾರ್ಖಾನೆಯವನಿಗೆ ಕೆಲಸ ಇಲ್ಲ. ಕೆಲಸ ಇಲ್ಲದವನು ಅಕ್ಕಿ ಕಡಿಮೆ ಕೊಳ್ಳುತ್ತಾನೆ. ಅಕ್ಕಿ ಬೆಲೆ ಮತ್ತೆ ಬೀಳುತ್ತೆ. ಸಾಲ ತೀರಿಸಬೇಕು ಅಂತ ಎಲ್ಲರೂ ಒಟ್ಟಿಗೆ ಅಕ್ಕಿ, ಜಮೀನು, ಬಂಗಾರ ಮಾರಲು ಹೊರಟರೆ ಅಕ್ಕಿ, ಜಮೀನಿನ ಬೆಲೆ ಇನ್ನೂ ಕೆಳಕ್ಕೆ. ತೀರಿಸಲು ಪ್ರಯತ್ನ ಪಟ್ಟಷ್ಟೂ ಉಳಿದ ಸಾಲ ಭಾರ ಆಗುತ್ತಾ ಹೋಗುತ್ತೆ. 1933ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಈ ಸುಳಿಯನ್ನೇ ವಿವರಿಸಿದರು. ಅದೇ ಹೊತ್ತಿಗೆ ನಮ್ಮ ರೈತರು ಅದರೊಳಗೇ ಇದ್ದರು.

ಬಂಗಾರದ ಕಥೆ ಬೇರೆ. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿತು. ನಮ್ಮ ರೂಪಾಯಿಯನ್ನು ಆ ಪೌಂಡಿಗೇ ಅದೇ 18 ಪೆನ್ಸ್ ದರದಲ್ಲಿ ಕಟ್ಟಿಟ್ಟರು. ಚಿನ್ನದ ಬೆಲೆ ರೂಪಾಯಿ ಲೆಕ್ಕದಲ್ಲಿ ಏರಿತು. ಬೆಳೆದದ್ದಕ್ಕೆಲ್ಲ ಬೆಲೆ ಇಲ್ಲ, ಹೆಂಡತಿಯ ಕೊರಳಲ್ಲಿರುವುದಕ್ಕೆ ಮಾತ್ರ ಬೆಲೆ ಇದೆ. ಏನು ಮಾಡ್ತಾರೆ? ದೇಶದುದ್ದಕ್ಕೂ ಹಳ್ಳಿಗಳಿಂದ ಬಳೆ, ಸರ ಕರಗಿ ಬಾಂಬೆ ಬಂದರಿನ ಮೂಲಕ ನೂರಾರು ಕೋಟಿ ರೂಪಾಯಿಯ ಚಿನ್ನ ಹಡಗು ಹತ್ತಿತು.

ವಿಜಯಾ ಬ್ಯಾಂಕ್ ಹುಟ್ಟಿದ್ದು ಇದಾಗಿ ಒಂದು ತಿಂಗಳಿಗೆ. ಈಗ ಆ ತಾರೀಕಿನ ಅರ್ಥ ಗೊತ್ತಾಯಿತಲ್ಲ? ಕೃಷಿಕರು ಲೇವಾದೇವಿಯವರ ಕೈಗೆ ಸಿಕ್ಕಿಬೀಳದ ಹಾಗೆ ಕಡಿಮೆ ಬಡ್ಡಿಗೆ ಸಾಲ ಸಿಗಬೇಕು ಅನ್ನೋದು ಅದರ ಉದ್ದೇಶ. ನಮ್ಮ ಲೆಕ್ಕಕ್ಕೇ ಬನ್ನಿ. ಬಡ್ಡಿ 12ರಿಂದ 6ಕ್ಕೆ ಇಳಿದರೆ ಯಜಮಾನರು ವರ್ಷಕ್ಕೆ ಕೊಡಬೇಕಾದ ಬಡ್ಡಿ ಮತ್ತೆ 6 ಮುಡಿಗೆ ಬರುತ್ತೆ. ಅದು ದೊಡ್ಡ ಉಪಕಾರವೇ. ಆದರೆ ಅಸಲು? ಅದು 100 ಮುಡಿಯಲ್ಲೇ ನಿಂತಿದೆ. ಬೆಲೆ ಬೀಳುತ್ತಿರುವಾಗ ಬಡ್ಡಿಯನ್ನು ಸೊನ್ನೆ ಮಾಡಿದರೂ ಸಾಲ ತನ್ನಷ್ಟಕ್ಕೆ ಬೆಳೆಯುತ್ತಲೇ ಇರುತ್ತೆ. ಇಂದಿಗೂ ರಿಸರ್ವ್ ಬ್ಯಾಂಕ್‌ಗಳಿಗೆ ಡಿಫ್ಲೇಷನ್ ಕಂಡರೆ ದಿಗಿಲಾಗುವುದು ಇದಕ್ಕೇ. ಹಣದುಬ್ಬರ ಬಂದರೆ ಬಡ್ಡಿ ಎಷ್ಟು ಬೇಕಾದರೂ ಏರಿಸಬಹುದು. ಬೆಲೆ ಬಿದ್ದರೆ ಬಡ್ಡಿಯನ್ನು ಸೊನ್ನೆಗಿಂತ ಹೆಚ್ಚು ಕೆಳಗೆ ಇಳಿಸಲು ಜಾಗ ಇಲ್ಲ.

ಮದ್ರಾಸ್ ಪ್ರಾಂತ್ಯದ ರೈತರ ಸಾಲ 1930ರಲ್ಲಿ ಸುಮಾರು 150 ಕೋಟಿ ರೂಪಾಯಿ ಅಂತ ಬ್ಯಾಂಕಿಂಗ್ ವಿಚಾರಣಾ ಸಮಿತಿ ಅಂದಾಜು ಮಾಡಿತ್ತು. 1935ರಲ್ಲಿ ಸತ್ಯನಾಥನ್ ಎಂಬ ಅಧಿಕಾರಿ ಕೊಟ್ಟ ವರದಿಯಲ್ಲಿ ಅದು 200 ಕೋಟಿ. ರೂಪಾಯಿಯಲ್ಲಿ ನೋಡಿದರೆ ಮೂರನೇ ಒಂದು ಭಾಗ ಹೆಚ್ಚಾಯಿತು ಅಷ್ಟೆ. ಆದರೆ ಅಕ್ಕಿಯಲ್ಲಿ ಅಳೆದು ನೋಡಿ, ಎರಡೂವರೆ ಪಾಲಿಗೂ ಮೇಲಾಗುತ್ತೆ.

ಕೊನೆಗೆ ಕೈ ಹಾಕಬೇಕಾಗಿ ಬಂದದ್ದು ಸಾಲಪತ್ರಕ್ಕೇ. ರಾಜಾಜಿ ಸರ್ಕಾರ 1938ರಲ್ಲಿ ಮದ್ರಾಸ್ ಕೃಷಿಕರ ಪರಿಹಾರ ಕಾಯ್ದೆ ತಂದಿತು. 1932ರ ಅಕ್ಟೋಬರ್ 1ಕ್ಕೆ ಮೊದಲು ಮಾಡಿದ ಸಾಲವಾದರೆ ಬಾಕಿ ಉಳಿದ ಬಡ್ಡಿ ಪೂರ್ತಿ ಮನ್ನಾ, ಅಸಲು ಮಾತ್ರ ಕೊಟ್ಟರೆ ಸಾಕು. ಅಸಲಿನ ದುಪ್ಪಟ್ಟು ಈಗಾಗಲೇ ಕಟ್ಟಿದ್ದರೆ ಸಾಲ ಚುಕ್ತಾ. ಬೆಲೆ ಎತ್ತರದಲ್ಲಿದ್ದಾಗ ಮಾಡಿದ ಸಾಲವನ್ನು ಬೆಲೆ ಬಿದ್ದ ಮೇಲೆ ಅದೇ ಮೊತ್ತಕ್ಕೆ ವಸೂಲಿ ಮಾಡುವುದು ನ್ಯಾಯ ಅಲ್ಲ ಅಂತ ಕಾನೂನೇ ಒಪ್ಪಿತು. ಆದರೆ ಅಷ್ಟು ಹೊತ್ತಿಗೆ ಬೆಲೆ ಬೀಳಲು ಶುರುವಾಗಿ ಎಂಟು ವರ್ಷ ದಾಟಿತ್ತು. ಅಷ್ಟರಲ್ಲಿ ಜಮೀನು ಕಳೆದುಕೊಂಡವರು ಕಳೆದುಕೊಂಡಾಗಿತ್ತು.

ಹಾಗಾದರೆ 2025ರಲ್ಲಿ ನಮಗೆ ಬಂದದ್ದು ಇದೇನಾ? ಅಲ್ಲ. ಆಗ ಇಳಿದದ್ದು ಮುಖ್ಯವಾಗಿ ತರಕಾರಿ, ಬೇಳೆ. ಮಳೆ ಚೆನ್ನಾಗಿ ಆಗಿ ಬೆಳೆ ಬಂದರೆ ಟೊಮೆಟೊ ಅಗ್ಗವಾಗುತ್ತೆ, ಮುಂದಿನ ಸೀಸನ್‌ಗೆ ಮತ್ತೆ ಏರುತ್ತೆ. ಆಹಾರ, ಇಂಧನ ಬಿಟ್ಟು ಉಳಿದವುಗಳ ಬೆಲೆ ಆಗಲೂ ಶೇ. 4ರ ಆಸುಪಾಸಿನಲ್ಲಿ ಏರುತ್ತಲೇ ಇತ್ತು. ಹೊಸ ತಂತ್ರಜ್ಞಾನ ಬಂದು ಟೀವಿ ಅಗ್ಗವಾದರೂ ಯಾರೂ ಅಳಬೇಕಾಗಿಲ್ಲ. ಹೆದರಬೇಕಾದದ್ದು ಯಾವಾಗ ಗೊತ್ತಾ? ತರಕಾರಿ ಮಾತ್ರವಲ್ಲ, ಬಟ್ಟೆ, ಬಾಡಿಗೆ, ಜಾಗ ಎಲ್ಲದರ ಬೆಲೆ ಒಟ್ಟಿಗೆ, ತಿಂಗಳುಗಟ್ಟಲೆ ಇಳಿಯತೊಡಗಿದಾಗ. ಬೆಲೆಯ ಹಿಂದೆಯೇ ಕೂಲಿಯೂ ಇಳಿದಾಗ. ಇನ್ನೂ ಇಳಿಯುತ್ತೆ, ಆಮೇಲೆ ತಗೊಂಡರಾಯಿತು ಅಂತ ಜನ ಕಾಯಲು ಶುರು ಮಾಡಿದಾಗ.

ಇದನ್ನೆಲ್ಲ ತೊಕ್ಕೊಟ್ಟಿನ ಅಂಗಡಿಯಲ್ಲಿ ನಿಂತು ಹೇಳಲು ಸಮಯ ಇರಲಿಲ್ಲ. ಒಂದೇ ಪ್ರಶ್ನೆ ಕೇಳಿದೆ. "ನಿಮ್ಮದು ಅಂಗಡಿ ಸಾಲ ಉಂಟಾ?"

"ಉಂಟು ಸಾರ್. ಟೆಂಪೋದ್ದೂ ಉಂಟು. ತಿಂಗಳು ತಿಂಗಳು ಕಂತು."

"ಎಲ್ಲದಕ್ಕೂ ಬೆಲೆ ಅರ್ಧ ಆಗಿ ನಿಮ್ಮ ವ್ಯಾಪಾರ ಅರ್ಧ ಆದರೆ ಬ್ಯಾಂಕಿನವರು ಕಂತು ಅರ್ಧ ಮಾಡ್ತಾರಾ?"

ತಕ್ಕಡಿ ಕೈಯಲ್ಲೇ ಹಿಡಿದುಕೊಂಡು ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಎಲ್ಲಿ ಮಾಡ್ತಾರೆ ಮಾರಾಯ್ರೆ" ಅಂದರು. ಆಮೇಲೆ ಬದನೆಕಾಯಿ ಅಮ್ಮನ ಕಡೆ ತಿರುಗಿ, ಈ ಸಲ ಚೌಕಾಸಿಗೆ ಒಪ್ಪಲೇ ಇಲ್ಲ.